ಟೈಲ್ಸ್ ನೋಡಿ ಊರು ಹೇಳುವ ತಾತ

ಪಕ್ಕದ ಮನೆಯ ಮುದುಕರ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಇದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ಅವರಿಗೆ ಎಪ್ಪತ್ತು ದಾಟಿತ್ತು, ಎಡಗಾಲು ಸ್ವಲ್ಪ ಎಳೆದು ನಡೆಯುತ್ತಿದ್ದರು, ಮಧ್ಯಾಹ್ನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ತೂಕಡಿಸುತ್ತಿದ್ದರು. ಅಂಥವರನ್ನು ಕಂಡು ನಲವತ್ತಾರು ವರ್ಷದ, ಕೈತುಂಬ ಸಂಬಳದ, ಟೈಲ್ಸ್ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಿಸುವ ಎಂಜಿನಿಯರೊಬ್ಬ ಕರುಬುವುದೆಂದರೆ ಏನು? ಆದರೆ ಕರುಬಿದೆ. ಒಂದು ವರ್ಷವಿಡೀ ಕರುಬಿದೆ.

ನಾವಿರುವುದು ಮಲೇಶಿಯಾದ ಪೆಟಾಲಿಂಗ್ ಜಯಾದಲ್ಲಿ, ಒಂದಕ್ಕೊಂದು ಗೋಡೆ ಅಂಟಿಕೊಂಡ ಮನೆಗಳ ಸಾಲಿನಲ್ಲಿ. ನನ್ನ ಹೆಂಡತಿ ಮೆಲಾಕಾದ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಸೋಮವಾರ ಬೆಳಿಗ್ಗೆ ಹೋದರೆ ಶುಕ್ರವಾರ ಸಂಜೆ ಬರುತ್ತಾಳೆ. ಮಗಳಿಗೆ ಹನ್ನೆರಡು ವರ್ಷ. ಅವಳು ಶಾಲೆಯಿಂದ ಎರಡು ಗಂಟೆಗೆ ಬಂದರೆ ನಾನು ಬರುವುದು ಆರಕ್ಕೆ. ನಡುವಿನ ನಾಲ್ಕು ಗಂಟೆ ಅವಳು ಪಕ್ಕದ ಮನೆಯಲ್ಲಿರುತ್ತಿದ್ದಳು. ಮುದುಕರ ಸೊಸೆ ಊಟ ಹಾಕುತ್ತಿದ್ದರು, ಮುದುಕರು ಮಾತು ಹಾಕುತ್ತಿದ್ದರು.

ಮೊದಲು ಉರಿದದ್ದು ಭಾಷೆಯ ವಿಷಯಕ್ಕೆ. ಅವರು ಇಲ್ಲಿಯೇ ಹುಟ್ಟಿದ ತಮಿಳರು. ಆದರೆ ಅವರ ಅಜ್ಜಿ ಹೊಸೂರು ಕಡೆಯವರಂತೆ, ಮನೆಯಲ್ಲಿ ಕನ್ನಡ ಆಡುತ್ತಿದ್ದರಂತೆ. ಹಾಗಾಗಿ ಅವರಿಗೆ ಒಂದಿಷ್ಟು ಹರಕುಮುರುಕು ಕನ್ನಡ ಬರುತ್ತಿತ್ತು. ನಾನು ದಾವಣಗೆರೆಯವನು. ಮಗಳಿಗೆ ಹುಟ್ಟಿದಂದಿನಿಂದ ಕನ್ನಡದಲ್ಲಿಯೇ ಮಾತಾಡಿದ್ದೇನೆ. ಅವಳು ಎಲ್ಲ ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಅದೇ ಹುಡುಗಿ, ಮುದುಕರಿಗೆ ಇಂಗ್ಲಿಷು ಸರಿಯಾಗಿ ಬಾರದು ಎಂಬ ಒಂದೇ ಕಾರಣಕ್ಕೆ, ಅವರ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದಳು. ಒಂದು ಸಂಜೆ ಎರಡು ಅಂಗಳಗಳ ನಡುವಿನ ಬೇಲಿಯ ಈಚೆ ನಿಂತು ಕೇಳಿಸಿಕೊಂಡೆ. ನನ್ನ ಮಗಳ ಬಾಯಲ್ಲಿ "ತಾತಾ, ಅದು ಹೆಂಗೆ ಗೊತ್ತಾಯ್ತು?" ಎಂಬ ಮಾತು ಬಂತು. ಆ ಮಾತಿಗಾಗಿ ನಾನು ಹನ್ನೆರಡು ವರ್ಷ ಕಾದಿದ್ದೆ, ಅದು ಹೋಗಿ ಪಕ್ಕದ ಮನೆಯಲ್ಲಿ ಬಿತ್ತು.

ಅವಳು ಕೇಳುತ್ತಿದ್ದದ್ದು ಮನೆಗಳ ವಿಷಯ. ಅವಳ ಫೋನಿನಲ್ಲಿ ಒಂದು ಆಟ ಇತ್ತು. ದೇಶದ ಯಾವುದೋ ಊರಿನ ಯಾವುದೋ ಬೀದಿಯ ಫೋಟೊ ತೋರಿಸುತ್ತದೆ, ಅದು ಯಾವ ಊರು, ಊರಿನ ಯಾವ ಭಾಗ ಎಂದು ಹೇಳಬೇಕು. ಮುದುಕರು ಮೂವತ್ತು ಚಿಲ್ಲರೆ ವರ್ಷ ಬಿಸ್ಕತ್ತಿನ ಲಾರಿ ಓಡಿಸಿದವರು. ಕಿರಾಣಿ ಅಂಗಡಿ ಇರುವ ಊರಿನಲ್ಲೆಲ್ಲ ಲಾರಿ ನಿಲ್ಲಿಸಿದ್ದಾರೆ. ಫೋಟೊ ಕಂಡ ಕೂಡಲೇ ಕನ್ನಡಕ ಹಣೆಗೇರಿಸಿ, ಫೋನನ್ನು ಮೂಗಿನ ಹತ್ತಿರ ತಂದು, ಊರು ಹೇಳಿಬಿಡುತ್ತಿದ್ದರು.

ಮೊದಲ ಸಲ ನೋಡಿದಾಗ ನಾನು ಕುರುಡು ಅದೃಷ್ಟ ಎಂದುಕೊಂಡೆ. ಅಲ್ಲ, ಅದಕ್ಕೊಂದು ಕ್ರಮ ಇತ್ತು. ಬಣ್ಣವನ್ನು ಮೊದಲು ನೋಡಬಾರದು ಎನ್ನುತ್ತಿದ್ದರು. ಮಲಯ್ ಮನೆಯವರು ಈದಿಗೆ, ಚೀನೀಯರು ಹೊಸವರ್ಷಕ್ಕೆ, ನಮ್ಮವರು ದೀಪಾವಳಿಗೆ ಬಣ್ಣ ಬಳಿಸುತ್ತಾರೆ, ಹೋದ ವರ್ಷ ಹಸಿರಿದ್ದ ಮನೆ ಈ ವರ್ಷ ನೇರಳೆ. ಬದಲಾಯಿಸಲು ಕಷ್ಟವಾದುದನ್ನು ಮೊದಲು ನೋಡು: ಸೂರಿನ ಹೆಂಚು, ಗೋಡೆಯ ಗಾರೆ, ಮೆಟ್ಟಿಲು. ಆಮೇಲೆ ಟೈಲ್ಸು. ಬಣ್ಣ ಕೊನೆಗೆ. ಆದರೆ ಬಣ್ಣ ಯಾರ ಅಪ್ಪಣೆಯಿಂದ ಬಂದಿದೆ ಎಂದು ತಿಳಿದರೆ ಅದೂ ಸಾಕ್ಷಿ. ಮೆಲಾಕಾದ ಹಳೆಯ ಡಚ್ಚರ ಚೌಕದ ಸುತ್ತ ಎಲ್ಲ ಕಟ್ಟಡಕ್ಕೂ ಒಂದೇ ಇಟ್ಟಿಗೆಗೆಂಪು. ಸೇತುವೆ ದಾಟಿ ನದಿಯ ಆಚೆ ಹೋದರೆ ಆ ಕೆಂಪು ನಿಂತುಹೋಗುತ್ತದೆ, ತೆಳು ಹಳದಿ, ತೆಳು ಹಸಿರು, ಸುಣ್ಣದ ನೀಲಿ ಶುರುವಾಗುತ್ತದೆ. ಹಾಗಾಗಿ ಬಣ್ಣ ನೋಡಿದರೆ ನದಿಯ ಯಾವ ದಡ ಎಂದು ತಿಳಿಯುತ್ತದೆ.

ಇಪೋದ ಹಳೆಯ ಅಂಗಡಿಮನೆಗಳಿಗೆ ಬಣ್ಣವೇ ಇಲ್ಲ. ಕಲ್ಲಿನ ಸಣ್ಣ ಚೂರು ಸೇರಿಸಿದ ಬೂದಿ ಗಾರೆ ಮೆತ್ತಿ, ಒಣಗುವ ಮೊದಲು ನೀರಿನಿಂದ ತೊಳೆದು ಚೂರು ಹೊರಗೆ ಕಾಣುವಂತೆ ಮಾಡುತ್ತಿದ್ದರಂತೆ, ದೂರದಿಂದ ಕಲ್ಲಿನ ಕಟ್ಟಡದ ಹಾಗೆಯೇ ಇರುತ್ತದೆ. ಅಂಥವು ಬೇರೆ ಊರಲ್ಲೂ ಇವೆ, ಆದರೆ ಸಾಲುಸಾಲಾಗಿ ನಿಂತಿದ್ದರೆ ಮೊದಲು ಇಪೋ ಎನ್ನು ಎನ್ನುತ್ತಿದ್ದರು. ಕೆಲಾಂತಾನಿನ ಹಳೆಯ ಮರದ ಮನೆಗೆ ಬಣ್ಣ ಕಡಿಮೆ, ಸೂರಿಗೆ ಮೀನಿನ ಹುರುಪೆಯಂತೆ ತೆಳ್ಳಗಿನ ಸಣ್ಣ ಹೆಂಚು. ಮೆಲಾಕಾದ ಮಲಯ್ ಮನೆಯಾದರೆ ಮುಂದಿನ ಮೆಟ್ಟಿಲು ಗಾರೆಯದು, ಎರಡೂ ಕಡೆ ಬಾಗಿ ಇಳಿಯುತ್ತದೆ, ಅದರ ಮುಂಭಾಗಕ್ಕೆ ಹೂವಿನ ಟೈಲ್ಸ್ ಮೆತ್ತಿರುತ್ತಾರೆ.

ನಮ್ಮ ಬೀದಿಯನ್ನೂ ಓದುತ್ತಿದ್ದರು. ಗೇಟಿನ ಒಳಗೆ ಗೋಡೆಗೆ ಕೆಂಪು ಗೂಡು, ಅದರಲ್ಲಿ ಊದುಬತ್ತಿ ಇದ್ದರೆ ಚೀನೀಯರು. ಬಾಗಿಲ ಮೇಲೆ ಅರಬ್ಬಿ ಬರಹದ ಫಲಕ ಇದ್ದರೆ ಮುಸಲ್ಮಾನರು. ಮಾವಿನೆಲೆ ತೋರಣ, ಮುರುಗನ ಚಿತ್ರದ ಟೈಲ್ಸ್ ಇದ್ದರೆ ನಮ್ಮಂಥವರು. ಅವರ ಮನೆಗೆ ಗಿಳಿಹಸಿರು ಬಣ್ಣ, ಕಿಟಕಿಗೆ ಅರಿಶಿನ. ನಮ್ಮದು ಬಾಡಿಗೆಯದು, ಬಿಲ್ಡರ್ ಬಳಿದ ಕೆನೆಬಣ್ಣ ಹಾಗೆಯೇ ಇತ್ತು. ಅದನ್ನು ನೋಡಿ ಯಾರ ಮನೆ ಎಂದು ಹೇಳುತ್ತೀರಿ ಎಂದು ಮಗಳು ಕೇಳಿದಾಗ ಮುದುಕರು ನಕ್ಕು, ಬಂದು ಇನ್ನೂ ಇಳಿಯದವರ ಮನೆ ಅಂದರಂತೆ. ಅವಳು ಅದನ್ನು ನನಗೆ ಬಂದು ಹೇಳಿದಳು, ಅವಳಿಗೂ ನಗು. ಹದಿನಾಲ್ಕು ವರ್ಷದಿಂದ ಈ ದೇಶದಲ್ಲಿದ್ದೇನೆ, ಇಳಿದಿಲ್ಲವಂತೆ.

ಟೈಲ್ಸ್ ನನ್ನ ಕಸುಬು. ಅದನ್ನು ನೋಡಿ ಊರು ಹೇಳುವ ಕೆಲಸ ನ್ಯಾಯವಾಗಿ ನನ್ನದು ಎಂದು ಒಂದು ಭಾನುವಾರ ಆಟಕ್ಕೆ ಕೂತೆ. ಒಂದು ಮನೆಯ ಕಾರು ನಿಲ್ಲಿಸುವ ಜಾಗ ಬಂತು, ನೆಲಕ್ಕೆ ಒರಟು ಕಿತ್ತಳೆ ಟೈಲ್ಸ್. ನೋಡಿದ ಕೂಡಲೇ ಇದು ನಮ್ಮ ಕಾರ್ಖಾನೆಯದೇ ಎಂದೆ, ಮಾದರಿಯ ಸಂಖ್ಯೆಯನ್ನೂ ಹೇಳಿದೆ, ನೀರು ಎಷ್ಟು ಹೀರುತ್ತದೆ ಎಂದೂ ಹೇಳಿದೆ. ಮಗಳು ಕಾದಳು. ಊರು? ನನಗೆ ಗೊತ್ತಿರಲಿಲ್ಲ. ಆ ಟೈಲ್ಸನ್ನು ನಾವು ಪೆರ್ಲಿಸ್‌ನಿಂದ ಜೊಹೋರ್‌ವರೆಗೆ ಎಲ್ಲ ಕಡೆ ಮಾರಿದ್ದೆವು. ಎಲ್ಲ ಕಡೆ ಇರುವುದು ಯಾವ ಊರನ್ನೂ ಹೇಳುವುದಿಲ್ಲ. ಮಗಳು ಫೋನ್ ತೆಗೆದುಕೊಂಡು, "ಅಪ್ಪಾ, ದಟ್ಸ್ ನಾಟ್ ಹೌ ತಾತಾ ಡಸ್ ಇಟ್" ಎಂದು ಹೇಳಿ ಬೇಲಿ ಸಂದಿಯಿಂದ ಆಚೆ ಹೋದಳು.

ಅಂದಿನಿಂದ ನಾನು ಕದ್ದು ಕಲಿಯತೊಡಗಿದೆ. ಕಾರ್ಖಾನೆಯ ಕೆಲಸದ ಮೇಲೆ ಇಪೋಗೆ ಹೋದರೆ ಮಧ್ಯಾಹ್ನದ ಊಟ ಬಿಟ್ಟು ಹಳೆಯ ಬೀದಿ ಸುತ್ತುತ್ತಿದ್ದೆ. ಹೆಂಡತಿಯನ್ನು ಕರೆತರುವ ನೆಪದಲ್ಲಿ ಮೆಲಾಕಾಕ್ಕೆ ಹೋಗಿ, ಅವಳನ್ನು ಕಾಲೇಜಿನ ಗೇಟಿನಲ್ಲಿ ಅರ್ಧ ಗಂಟೆ ಕಾಯಿಸಿ, ನದಿಯಾಚೆಯ ಉದ್ದನೆಯ ಮನೆಗಳ ಮುಂದೆ ಬಗ್ಗಿ ಕೂತು ಟೈಲ್ಸ್ ಮುಟ್ಟಿ ನೋಡುತ್ತಿದ್ದೆ. ಕಾರಣ ತಿಳಿದ ಹೆಂಡತಿ ಹೇಳಿದಳು, "ಮಗಳಿಗೆ ಆಟ ಕಲಿಸ್ಬೇಕು ಅಂತಿದ್ರೆ ತಾತನ ಹತ್ರಾನೇ ಹೋಗಿ ಕೂತ್ಕೊಳ್ರಿ. ಇಬ್ರೂ ಕಲೀತೀರ." ಅವಳಿಗೆ ಎಲ್ಲವೂ ಅಷ್ಟು ಸುಲಭ. ನಾನು ಕಾರಿನ ರೇಡಿಯೋ ಜೋರು ಮಾಡಿದೆ.

ಕಲಿತದ್ದೇನೋ ನಿಜ. ಆ ಮನೆಗಳ ಕಿಟಕಿಯ ಕೆಳಗೆ, ಸೊಂಟದೆತ್ತರದವರೆಗೆ, ಹೂವಿನ ಉಬ್ಬು ಟೈಲ್ಸ್ ಇರುತ್ತವೆ. ಇಂಗ್ಲೆಂಡ್, ಬೆಲ್ಜಿಯಂ, ಜಪಾನಿನಿಂದ ಹಡಗಿನಲ್ಲಿ ಬಂದವು. ಹಳೆಯದಾದರೆ ಗಾಜಿನ ಹೊಳಪಿನ ಪದರದಲ್ಲಿ ಕೂದಲೆಳೆಯಂಥ ಬಿರುಕಿನ ಬಲೆ ಇರುತ್ತದೆ. ಹಚ್ಚಿದ ಬಣ್ಣ ಹೂವಿನ ತಗ್ಗಿಗೆ ಹರಿದು ಅಲ್ಲಿ ಗಾಢವಾಗಿ, ಉಬ್ಬಿನ ಮೇಲೆ ತೆಳುವಾಗಿ ನಿಂತಿರುತ್ತದೆ. ಒಂದರ ಪಕ್ಕ ಒಂದನ್ನು ಸಂದಿಯೇ ಕಾಣದ ಹಾಗೆ ಒತ್ತಿ ಕೂರಿಸಿರುತ್ತಾರೆ, ಒಂದು ಇನ್ನೊಂದಕ್ಕಿಂತ ಕೂದಲಷ್ಟು ಚಿಕ್ಕದು ದೊಡ್ಡದು. ಈಗ ಅದೇ ಹೂವನ್ನು ನಮ್ಮಂಥ ಕಾರ್ಖಾನೆಗಳು ಯಂತ್ರದಿಂದ ಮುದ್ರಿಸುತ್ತವೆ. ಅದು ಚಪ್ಪಟೆ, ಅಂಚು ಗೆರೆ ಎಳೆದಷ್ಟು ನೇರ, ನಡುವೆ ಬಿಳಿ ಸಂದಿ ಸಮನಾಗಿ. ಒಂದು ಟೈಲ್ಸಿನ ಎಲೆಯ ಮೇಲೆ ಚುಕ್ಕೆ ಇದ್ದರೆ ಮುಂದಿನದರಲ್ಲೂ ಅದೇ ಜಾಗದಲ್ಲಿ ಚುಕ್ಕೆ. ಇದು ಮುದುಕರಿಗೆ ಗೊತ್ತಿರಲಿಲ್ಲ. ಕೊನೆಗೂ ಅವರಿಗೆ ಗೊತ್ತಿಲ್ಲದ ಒಂದು ವಿಷಯ ನನಗೆ ಸಿಕ್ಕಿತ್ತು.

ಅಷ್ಟರಲ್ಲಿ ಬಡಾವಣೆಯ ನಿವಾಸಿಗಳ ಸಂಘದವರು ಒಂದು ಸ್ಪರ್ಧೆ ಇಟ್ಟರು. ಒಂದು ಮಗು, ಒಬ್ಬ ಹಿರಿಯರು, ಜೋಡಿಯಾಗಿ ಕೂರಬೇಕು. ಮನೆಗಳ ಹತ್ತು ಫೋಟೊ ತೋರಿಸುತ್ತಾರೆ. ಊರು ಸರಿಯಾದರೆ ಒಂದು ಅಂಕ, ಊರಿನ ಭಾಗ ಸರಿಯಾದರೆ ಇನ್ನೊಂದು. ಅಭ್ಯಾಸಕ್ಕೆಂದು ಮೂವತ್ತು ಫೋಟೊಗಳನ್ನು ವಾಟ್ಸಾಪ್ ಗುಂಪಿಗೆ ಹಾಕಿದರು, ಉತ್ತರ ಕೊಡಲಿಲ್ಲ. ಮಗಳು ಸಹಜವಾಗಿ ತಾತನ ಹೆಸರು ಬರೆಸಲು ಹೊರಟಿದ್ದಳು. ಅಪ್ಪ ಬದುಕಿದ್ದಾನೆ, ಪಕ್ಕದ ಮನೆಯವರ ಜೊತೆ ಹೋಗುತ್ತೀಯಾ ಎಂದು ಬೈದೆ. ಅವಳು ಅತ್ತಳು, ಆಮೇಲೆ ಒಂದು ದಾರಿ ಹೇಳಿದಳು. ಇಬ್ಬರೂ ಮೂವತ್ತು ಫೋಟೊ ನೋಡಿ ಊರು ಮತ್ತು ಕಾರಣ ಹೇಳಬೇಕು. ಯಾರ ಕಾರಣ ಗಟ್ಟಿಯೋ ಅವರು ಅವಳ ಪಕ್ಕ ಕೂರಬೇಕು.

ಶನಿವಾರ ಬೆಳಿಗ್ಗೆ ಅವರ ಮನೆಯ ಮುಂದೆ ಮೂವರೂ ಕೂತೆವು. ಸೊಸೆ ನೊರೆ ಬರುವಂತೆ ಎತ್ತಿ ಸುರಿದ ಹಾಲಿನ ಚಹಾ, ಇಲ್ಲಿಯವರ ತೇ ತಾರಿಕ್, ತಂದಿಟ್ಟರು, ಕುಡಿಯುವ ಮನಸ್ಸಾಗಲಿಲ್ಲ. ನಾನು ಚೆನ್ನಾಗಿಯೇ ಆಡಿದೆ. ಬೂದಿ ಗಾರೆ ಕಂಡು ಇಪೋ ಎಂದೆ, ಹುರುಪೆ ಹೆಂಚು ಕಂಡು ಕೆಲಾಂತಾನ್ ಎಂದೆ, ಕೆಂಪು ಗೋಡೆ ಕಂಡು ಮೆಲಾಕಾ, ನದಿಯ ಈಚೆ ಎಂದೆ. ಮಗಳು ಕಣ್ಣರಳಿಸಿ ನೋಡಿದಳು, ಮುದುಕರೂ ತಲೆದೂಗಿದರು. ಇಪ್ಪತ್ತೊಂಬತ್ತರಲ್ಲಿ ನಾವಿಬ್ಬರೂ ಹೆಚ್ಚುಕಡಿಮೆ ಸಮ. ಸಮ ಎಂದರೆ ಅವಳು ತಾತನನ್ನೇ ಆರಿಸುತ್ತಾಳೆ ಎಂದು ನನಗೆ ಗೊತ್ತಿತ್ತು.

ಕೊನೆಯ ಫೋಟೊ ಒಂದು ಹಳೆಯ ಅಂಗಡಿಮನೆಯದು. ತೆಳು ಹಸಿರು ಗೋಡೆ, ಕಿಟಕಿಯ ಕೆಳಗೆ ಗುಲಾಬಿ ಹೂವಿನ ಟೈಲ್ಸ್, ಬಾಗಿಲ ಮುಂದೆ ಕೆತ್ತನೆಯ ಅರೆಬಾಗಿಲು. ಮುದುಕರು ಇದು ಮೆಲಾಕಾ, ನದಿಯಾಚೆಯ ಹಳೆಯ ಶ್ರೀಮಂತರ ಬೀದಿ ಎಂದರು. ಟೈಲ್ಸ್ ಪೆನಾಂಗಿನಲ್ಲೂ ಇರುತ್ತದೆ, ಅದನ್ನು ನಂಬಬೇಡ, ಮುಂದಿನ ಜಗಲಿ ನೋಡು ಎಂದು ಮಗಳಿಗೆ ತೋರಿಸಿದರು. ಪೆನಾಂಗಿನಲ್ಲಿ ಜಗಲಿಗಳು ಹೆಚ್ಚಾಗಿ ಒಂದಕ್ಕೊಂದು ತೆರೆದುಕೊಂಡಿರುತ್ತವೆ, ಮಳೆ ಬಂದರೆ ನೆನೆಯದೆ ಮನೆಯಿಂದ ಮನೆಗೆ ನಡೆಯಬಹುದು. ಇಲ್ಲಿ ಎರಡು ಮನೆಗಳ ನಡುವೆ ಜಗಲಿಗೆ ಅಡ್ಡಗೋಡೆ ಇದೆ. ಮೆಲಾಕಾದ ಆ ಬೀದಿಯಲ್ಲಿ ಹೀಗೆಯೇ, ಅಲ್ಲಿ ಬಿಸ್ಕತ್ತಿನ ಪೆಟ್ಟಿಗೆ ಹೊತ್ತುಕೊಂಡು ಪ್ರತಿ ಮನೆಗೂ ರಸ್ತೆಗೆ ಇಳಿದು ಹತ್ತಬೇಕಾಗುತ್ತಿತ್ತು ಎಂದರು.

ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ಬಿರುಕಿನ ಬಲೆ ಸ್ಪಷ್ಟವಾಗಿತ್ತು. ಗುಲಾಬಿಯ ತಗ್ಗಿನಲ್ಲಿ ಬಣ್ಣ ಕಪ್ಪಾಗಿ ನಿಂತಿತ್ತು. ಸಂದಿ ಇರಲಿಲ್ಲ. ನೂರು ವರ್ಷದ ಟೈಲ್ಸು, ನೂರಕ್ಕೆ ನೂರು. ಮುದುಕರು ಹೇಳಿದ ಪ್ರತಿ ಮಾತೂ ನಿಜವಾಗಿತ್ತು. ಮಗಳು ಅವರ ಕುರ್ಚಿಯ ಕೈಯ ಮೇಲೆ ಆತು ನಿಂತಿದ್ದಳು.

"ಇದು ಹಳೇದಲ್ಲ," ಎಂದೆ. "ನಮ್ಮ ಕಾರ್ಖಾನೇದು. ಇದೇ ಗುಲಾಬಿ ಡಿಸೈನ್ ಹೋದ ವರ್ಷ ಇಲ್ಲೇ ಪೆಟಾಲಿಂಗ್ ಜಯಾದ ಒಂದು ರೆಸ್ಟೋರೆಂಟ್‌ಗೆ ಕಳಿಸಿದ್ವಿ. ಹಳೇ ಮನೆ ಥರ ಕಾಣ್ಲಿ ಅಂತ ಅಡ್ಡಗೋಡೆ ಎಲ್ಲ ಹೊಸದಾಗಿ ಕಟ್ಟಿಸಿದ್ರು."

ಎಷ್ಟು ಸರಾಗವಾಗಿ ಬಂತು ಆ ಸುಳ್ಳು. ಮುದುಕರು ನನ್ನನ್ನು ನೋಡಿದರು, ಫೋಟೊ ನೋಡಿದರು, ಕನ್ನಡಕ ತೆಗೆದು ಒರೆಸಿದರು. ಟೈಲ್ಸ್ ಮಾಡುವವರಿಗೆ ಗೊತ್ತಿರುತ್ತದೆ, ನಾನು ಬರೀ ಲಾರಿಯವನು ಎಂದು ತಮಿಳು ಬೆರೆಸಿ ಹೇಳಿ, ಸೋಲು ಒಪ್ಪಿಕೊಂಡವರಂತೆ ಕೈಯೆತ್ತಿದರು. ಮಗಳು ಕುಣಿದಾಡಿದಳು. ಬಣ್ಣ, ಗಾರೆ, ಗೋಡೆ ಎಲ್ಲವೂ ತಾತನಿಗೆ ಮೋಸ ಮಾಡಿತ್ತು, ಅಪ್ಪ ಹಿಡಿದುಬಿಟ್ಟಿದ್ದ. ಅವಳು ಬಂದು ನನ್ನ ತೋಳು ಹಿಡಿದು ಕೂತಳು. ನನಗೆ ಆದ ಸಂತೋಷವನ್ನು ನಾನು ಮುಚ್ಚಿಡುವುದಿಲ್ಲ. ಎರಡು ದಿನ ಅದರಲ್ಲೇ ತೇಲಿದೆ.

ಸ್ಪರ್ಧೆಗೆ ಉಳಿದಿದ್ದ ಎರಡು ವಾರ ದಿನವೂ ನಾನೇ ಅವಳಿಗೆ ಪಾಠ ಮಾಡಿದೆ. ಆರು ಗಂಟೆಗೆ ಓಡಿ ಬರುತ್ತಿದ್ದೆ. ಅವಳೂ ನನಗಾಗಿ ಕಾಯುತ್ತಿದ್ದಳು. ಉತ್ತರ ಮಾತ್ರ ಇಂಗ್ಲಿಷಿನಲ್ಲೇ. ಮುದುಕರು ಬೇಲಿಯಾಚೆ ಕೂತು ರೇಡಿಯೋ ಕೇಳುತ್ತಿದ್ದರು, ಒಮ್ಮೆಯೂ ನಡುವೆ ಬಾಯಿ ಹಾಕಲಿಲ್ಲ.

ಸ್ಪರ್ಧೆ ನಡೆದದ್ದು ಬಡಾವಣೆಯ ಸಭಾಂಗಣದಲ್ಲಿ, ಭಾನುವಾರ ಬೆಳಿಗ್ಗೆ. ಎಂಟು ಜೋಡಿಗಳಿದ್ದವು. ಮುದುಕರು ಸೊಸೆಯ ಜೊತೆ ಬಂದು ಮೂರನೆಯ ಸಾಲಿನಲ್ಲಿ ಕೂತರು. ಒಂಬತ್ತು ಫೋಟೊ ಮುಗಿದಾಗ ನಾವೂ ಇನ್ನೊಂದು ಜೋಡಿಯೂ ಸಮ. ಹತ್ತನೆಯದಾಗಿ ಪರದೆಯ ಮೇಲೆ ಬಂದದ್ದು ತೆಳು ಹಸಿರು ಗೋಡೆ, ಗುಲಾಬಿ ಟೈಲ್ಸ್.

ಮಗಳು ನನ್ನತ್ತ ತಿರುಗಿ ಕಣ್ಣು ಮಿಟುಕಿಸಿದಳು. ನನ್ನನ್ನು ಕೇಳಲೂ ಇಲ್ಲ, ಬರೆಯಲು ಶುರು ಮಾಡಿದಳು. ಬರೆಯಲು ಒಂದು ನಿಮಿಷ ಕೊಟ್ಟಿದ್ದರು. ಅವಳ ಕೈ ಹಿಡಿದು ಮೆಲಾಕಾ ಎಂದು ಪಿಸುಗುಟ್ಟಿದ್ದರೆ ಮುಗಿದಿತ್ತು. ಆದರೆ ಆಗ ಯಾಕೆ ಎಂದು ಅವಳು ಕೇಳುತ್ತಿದ್ದಳು. ಆ ಒಂದು ನಿಮಿಷ ನಾನು ಮೇಜಿನ ಅಂಚು ಹಿಡಿದು ಕೂತೆ. ಅವಳು ಪೆಟಾಲಿಂಗ್ ಜಯಾ ಎಂದು ಬರೆದು, ಕಾರ್ಖಾನೆಯ ಹೊಸ ಟೈಲ್ಸ್ ಎಂದು ಕಾರಣವನ್ನೂ ಬರೆದು ಕಾಗದ ಮಡಿಸಿ ಕೊಟ್ಟಳು.

ಉತ್ತರ ಮೆಲಾಕಾ ಎಂದಾಗ ಅವಳು ಎದ್ದು ನಿಂತಳು. ಸ್ಪರ್ಧೆ ನಡೆಸುತ್ತಿದ್ದ ಹೆಂಗಸಿಗೆ, ಅಷ್ಟು ಜನರ ಮುಂದೆ, ನಮ್ಮಪ್ಪ ಟೈಲ್ಸ್ ಎಂಜಿನಿಯರ್, ಅದು ಹೊಸದು ಎಂದು ಅವರೇ ಹೇಳಿದ್ದಾರೆ, ನಿಮ್ಮ ಉತ್ತರ ತಪ್ಪು ಎಂದಳು. ಆ ಹೆಂಗಸು ಮರ್ಯಾದೆಯಿಂದ, ಆ ಮನೆ ತನ್ನ ಅತ್ತೆಯದು, ಫೋಟೊ ತೆಗೆದದ್ದು ತಾನೇ ಎಂದರು. ಕೆಲವರು ನಕ್ಕರು. ಎಲ್ಲರೂ ನನ್ನನ್ನು ನೋಡುತ್ತಿದ್ದರು. ನಾನು ನೆಲ ನೋಡಿದೆ. ಇಷ್ಟಾದರೂ ನನ್ನ ಮಗಳು ಕೂರಲಿಲ್ಲ.

ಮನೆಗೆ ನಡೆದು ಬರುವಾಗ ಅವಳು ದಾರಿಯುದ್ದಕ್ಕೂ ಆ ಹೆಂಗಸನ್ನು ಬೈಯುತ್ತಿದ್ದಳು. ಸೊಸೆಯ ಕಾರಿನಲ್ಲಿ ನಮಗಿಂತ ಮೊದಲೇ ಬಂದು ತಮ್ಮ ಬಾಗಿಲಲ್ಲಿ ಕೂತಿದ್ದ ಮುದುಕರನ್ನು ಕಂಡವಳೇ ಗೇಟು ತಳ್ಳಿಕೊಂಡು ಒಳಗೆ ಹೋದಳು. ನಾನೂ ಹಿಂದೆ ಹೋದೆ.

"ತಾತಾ, ಅವ್ರು ತಪ್ಪು ಹೇಳಿದ್ರು. ಅಪ್ಪ ಹೇಳಿದ್ದೇ ಸರಿ ಅಲ್ವಾ?"

ಮುದುಕರು ನನ್ನ ಮುಖ ನೋಡಿದರು. ಅವರಿಗೆ ಗೊತ್ತಿತ್ತು. ಈ ಬೆಳಿಗ್ಗೆ ತಿಳಿದದ್ದಲ್ಲ, ನಾನು ಬಾಯಿ ತೆರೆದ ಆ ಶನಿವಾರವೇ ಗೊತ್ತಿತ್ತು. ಕನ್ನಡಕ ಒರೆಸಿದ್ದು ಯೋಚಿಸುವುದಕ್ಕೆ.

"ಅಪ್ಪ ಟೈಲ್ಸ್ ಮಾಡೋವ್ರು ಕಣ್ಣಾ," ಎಂದರು. "ಅವ್ರು ಹೇಳಿದ್ರೆ ಅದೇ ಸರಿ."

ನನಗೆ ಕೃತಜ್ಞತೆ ಬರಬೇಕಿತ್ತು. ಬಂದದ್ದು ಮತ್ತೆ ಅದೇ ಉರಿ, ಹಿಂದೆಂದಿಗಿಂತಲೂ ಜೋರಾಗಿ. ನನ್ನ ಮಗಳ ಕಣ್ಣಲ್ಲಿ ನನ್ನನ್ನು ದೊಡ್ಡವನನ್ನಾಗಿ ಉಳಿಸಲು ಈ ಮುದುಕನಿಗೆ ಏನು ಹಕ್ಕು? ಅವಳ ಪಕ್ಕದ ಕುರ್ಚಿ ಬಿಟ್ಟುಕೊಟ್ಟದ್ದೂ ಅವರೇ, ಈಗ ಮಾನ ಕಾಪಾಡುತ್ತಿರುವುದೂ ಅವರೇ. ಸತ್ಯಕ್ಕಾಗಿ ಬಾಯಿ ಬಿಟ್ಟೆ ಎಂದು ಬರೆಯಲು ಆಸೆ ಇದೆ. ಹಾಗೇನಿಲ್ಲ. ಅವರು ನನಗಿಂತ ದೊಡ್ಡವರಾಗುವುದನ್ನು ಸಹಿಸಲಾಗಲಿಲ್ಲ, ಅಷ್ಟೇ.

"ಇಲ್ಲ ಪುಟ್ಟಾ. ಅದು ನಮ್ಮ ಟೈಲ್ಸ್ ಅಲ್ಲ. ಹಳೇದೇ. ನಂಗೆ ಅವತ್ತೇ ಗೊತ್ತಿತ್ತು. ನಿನ್ನ ಪಕ್ಕ ನಾನೇ ಕೂರ್ಬೇಕಿತ್ತು, ಅದಕ್ಕೆ ಹೇಳ್ದೆ."

ಅವಳು ಅಳಲಿಲ್ಲ, ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಏನಾದರೂ ಹೇಳಬಹುದಿತ್ತು. ಮುದುಕರ ಕಡೆ ತಿರುಗಿದಳು. ಇಪೋದ ಬೂದಿ ಗಾರೆ ತೊಳೆದು ಮಾಡುತ್ತಾರೆ ಎಂದು ಅಪ್ಪ ಹೇಳಿದ್ದು ನಿಜವೇ ಎಂದು ಕನ್ನಡದಲ್ಲಿ ಕೇಳಿದಳು. ನಿಜ ಎಂದರು. ಕೆಲಾಂತಾನಿನ ಹೆಂಚು? ಅದೂ ನಿಜ. ಮೆಲಾಕಾದ ಕೆಂಪು ಸೇತುವೆಯ ಹತ್ತಿರ ನಿಲ್ಲುತ್ತದೆ ಎಂದದ್ದು? ನಿಜ ಕಣ್ಣಾ. ಎರಡು ವಾರ ನಾನು ಹೇಳಿಕೊಟ್ಟದ್ದನ್ನೆಲ್ಲ ಅವಳು ಒಂದೊಂದಾಗಿ ತೆಗೆದು ಅವರ ಮುಂದೆ ಇಡುತ್ತ ಹೋದಳು. ಅವರು ಒಂದನ್ನೂ ತಪ್ಪು ಎನ್ನಲಿಲ್ಲ. ಅವಳು ನನ್ನನ್ನು ಒಂದನ್ನೂ ಕೇಳಲಿಲ್ಲ.